ಒಂದು ಕುಡ್ತೆ ಹಾಲಿನ ಆಶೆಗೆ ಕೆಚ್ಚಲು ಕಳಕ್ಕೊಂಬದೆಂತಗೆ?

ನಮ್ಮ ಹೆಮ್ಮಕ್ಕೊ ಸೇರಿದಲ್ಲಿ ಒಂದು ಮಾತು ಬಂದೇ ಬತ್ತು. "ಎಂಗಳ ದನ ಕಂಜಿ ಹಾಕುಲೆ ಹದಿನೈದು ದಿನ ಇಪ್ಪನ್ನಾರವೂ ಹಾಲು ಕೊಟ್ಟಿದು" ಹೇಳಿ ಒಬ್ಬ ಅಕ್ಕ ಹೇಳುಗು. ಕೇಳಿದವೆಲ್ಲ "ಎಂತಾ ಒಳ್ಳೆ ದನ ಅಪ್ಪಾ!" ಹೇಳುಗು. ಎನಗೆ ಈ ಮಾತು ಕೇಳಿರೆ ಕೋಪ ಬತ್ತು. ಅದು ದನ ಕೊಟ್ಟದಲ್ಲ, ನಾವು ಎಳಕ್ಕೊಂಡದು. ಹೊಟ್ಟೆಲಿ ಕಂಜಿ ಬೆಳವ ಅಖೇರಿಯಾಣ ಎರಡು ತಿಂಗಳಿಲಿ ದನದ ಕೆಚ್ಚಲಿಂಗೆ ಸಿಕ್ಕೆಕ್ಕಾದ ರಜೆಯ ನಾವು ಕಾಪಿಗೆ ಹಾಲಾತು ಹೇಳಿ ಕಿತ್ತುಗೊಂಡದು. ಅದಕ್ಕೆ ಹೆಮ್ಮೆ ಪಡುವಂಥದ್ದು ಎಂತ ಇದ್ದು?

ಎನ್ನ ವಾದ ಇಷ್ಟೇ. ಕಂಜಿ ಹಾಕುವ ದಿನಂದ 60 ದಿನ ಹಿಂದೆ ಒಂದು ತಾರೀಕು ಮಡುಗೆಕ್ಕು. ಆ ದಿನ ಹಾಲು ಕರವದು ನಿಲ್ಸೆಕ್ಕು. ನಿಲ್ಸಿದ ಮತ್ತೆ ಕೆಚ್ಚಲಿಂಗೆ ಕೈ ಹಾಕುಲಾಗ. ಒಂದು ದಿನ ಬಿಟ್ಟು ಒಂದು ದಿನ, ಮತ್ತೆ ಎರಡು ದಿನಕ್ಕೊಂದರಿ, ಮತ್ತೆ "ರಜ ನೋಡುವ°" ಹೇಳಿ ತಿಂಗಳುಗಟ್ಲೆ ಎಳವದು ಇದ್ದಲ್ಲದೋ, ಅದೇ ನಮ್ಮ ಊರಿಲಿ ಸುಮಾರು ದನಗಳ ಕೆಚ್ಚಲಿನ ಹಾಳು ಮಾಡುದು.

ಮದಾಲು ಲೆಕ್ಕ ಹೇಳ್ತೆ. ಎಂಗಳ ಹಟ್ಟಿಲಿ ಗೌರಿ ಹೇಳಿ ಒಂದು ಜೆರ್ಸಿ ಮಿಶ್ರತಳಿಯ ದನ ಇದ್ದು. ಅದಕ್ಕೆ ಇಂಜೆಕ್ಷನ್ ಕೊಡುಸಿದ್ದು ಅಕ್ಟೋಬರ್ 20ಕ್ಕೆ. ದನದ ಗಬ್ಬದ ಲೆಕ್ಕ ಹೆಚ್ಚುಕಮ್ಮಿ 280 ದಿನ. ಹಾಂಗಾಗಿ ಕಂಜಿ ಹಾಕುವ ಅಂದಾಜು ಜುಲೈ 27. ಅಲ್ಲಿಂದ 60 ದಿನ ಹಿಂದೆ ಎಣುಸಿರೆ ಮೇ 28. ಇಂಜೆಕ್ಷನ್ ಆದ ದಿನವೇ ಕ್ಯಾಲೆಂಡರಿಲಿ ಮೂರೂ ತಾರೀಕು ಬರದು ಮಡುಗಿದೆ. ಇದಕ್ಕೆ ಪಂಡಿತರು ಬೇಡ, ಕ್ಯಾಲೆಂಡರಿನ ಆಣಿಲಿ ನೇಲುಸಿದ ಒಂದು ಪೆನ್ನು ಸಾಕು. "ಎಂಗೊಗೆ ತಾರೀಕು ನೆಂಪಿಲ್ಲೆ" ಹೇಳುವ ಮನೆಲೇ ಹಾಲು ಕರವದು ಎಳಕ್ಕೊಂಡು ಹೋಪದು. 60 ದಿನ ಸಿಕ್ಕದ್ರೆ 45 ದಿನ ಆದರೂ ಸಿಕ್ಕೆಕ್ಕು. 40ರಿಂದ ಕೆಳ ಹೋದರೆ ಮತ್ತಾಣ ಸರ್ತಿ ಹಾಲು ಕಮ್ಮಿ ಆದ್ದು ಚೆಂಬಿಲೇ ಕಾಣ್ತು.

ಎಂತಗೆ ಕಮ್ಮಿ ಆವ್ತು? ಹಾಲು ಮಾಡುವ ಜೀವಕೋಶಂಗೊ ಹತ್ತು ತಿಂಗಳು ಕೆಲಸ ಮಾಡಿ ಹಳತ್ತಾಗಿರ್ತು. ಕರವದು ನಿಂದಪ್ಪಗ ಹಳತ್ತು ಹೋಗಿ ಹೊಸತ್ತು ಬತ್ತು. ನಾವು ಕರಕ್ಕೊಂಡೇ ಇದ್ದರೆ ಆ ಹೊಸತ್ತು ಬಪ್ಪಲೆ ಪುರುಸೊತ್ತಿಲ್ಲೆ. ಇನ್ನೊಂದು, ಗಿಣ್ಣು ಹಾಲು. ಕಂಜಿಯ ರೋಗಂದ ಕಾಪಾಡುವ ಶಕ್ತಿ ದನದ ನೆತ್ತರಿಂದ ಕೆಚ್ಚಲಿಂಗೆ ಇಳಿವದು ಅಖೇರಿಯಾಣ ಮೂರು ನಾಲ್ಕು ವಾರಲ್ಲಿ. ಆ ಹೊತ್ತಿಂಗೆ ನಾವು ದಿನಾ ಕರದು ಸೊಸೈಟಿಗೆ ಕೊಂಡುಹೋದರೆ ಕಂಜಿಗೆ ಒಳುದ್ದು ಎಂತರ? ಬರೇ ನೀರಿನ ಹಾಂಗಿಪ್ಪ ಗಿಣ್ಣು.

ಈಗ ಪೈಸೆಯ ಲೆಕ್ಕವನ್ನೂ ನೋಡುವ°, ಎಂತಗೆ ಹೇಳಿರೆ ವಾದ ಮಾಡುವವು ಯಾವಾಗಳೂ ಪೈಸೆಯ ಮಾತಿಂದಲೇ ಸುರು ಮಾಡ್ತವು. ಎಂಗಳ ನೆಂಟರ ಮನೆಲಿ ಒಂದು ದನ. ಕಂಜಿ ಹಾಕುಲೆ 25 ದಿನ ಇಪ್ಪನ್ನಾರ ಕರದವು. ಹೇಳಿರೆ 60 ದಿನದ ಲೆಕ್ಕಂದ 35 ದಿನ ಹೆಚ್ಚು. ದಿನಕ್ಕೆ ಸರಾಸರಿ 2 ಲೀಟರು, ಒಟ್ಟು 70 ಲೀಟರು ಹಾಲು ಸಿಕ್ಕಿತ್ತು. ಅದರ್ಲಿಯೂ ಅಖೇರಿಯಾಣ ಎರಡು ವಾರ ಎರಡು ದಿನಕ್ಕೊಂದರಿ ಕರದ್ದು. ಕಂಜಿ ಹಾಕಿ ಎರಡನೇ ದಿನ ಬಲದ ಹಿಂದಾಣ ಮೊಲೆಲಿ ಹಾಲಿನ ಬದಲು ಹಳದಿ ನೀರು, ಅದರ್ಲಿ ಮೊಸರಿನ ಹಾಂಗಿಪ್ಪ ಗಟ್ಟಿಗೊ. ಡಾಕ್ಟ್ರು ಐದು ದಿನ ಬಂದವು. ದನ ಒಳುದತ್ತು, ಮೊಲೆ ಒಳುದ್ದಿಲ್ಲೆ. ಮದಲು ದಿನಕ್ಕೆ 8 ಲೀಟರು ಕೊಟ್ಟೊಂಡಿದ್ದ ದನ ಈಗ ಆರೂವರೆ, ಏಳು. ದಿನಕ್ಕೆ ಒಂದೇ ಲೀಟರು ಕಮ್ಮಿ ಹೇಳಿ ಮಡಿಕ್ಕೊಂಬ°, 300 ದಿನಕ್ಕೆ 300 ಲೀಟರು ಆತು. ಅದು ಬರೇ ಒಂದು ಸೂಲಿನ ಲೆಕ್ಕ. ಮೇಗಂದ ಡಾಕ್ಟ್ರ ಖರ್ಚು, ಮದ್ದಿನ ಖರ್ಚು, ಮದ್ದು ಕೊಟ್ಟ ದಿನದ್ದು ಚೆಲ್ಲಿದ ಹಾಲು. 70 ಲೀಟರು ಸಿಕ್ಕಿತ್ತು ಹೇಳಿ ಕೊಶಿ ಪಡೆಕ್ಕಾ, 300 ಲೀಟರು ಹೋತು ಹೇಳಿ ಬೇಜಾರು ಮಾಡೆಕ್ಕಾ?

"ಒಂದೇ ಸರ್ತಿ ನಿಲ್ಸಿರೆ ಹಾಲು ಕಟ್ಟಿ ಕೆಚ್ಚಲು ಬಾವು ಬತ್ತು. ಹಾಂಗಾಗಿ ರಜ ರಜ ಕಮ್ಮಿ ಮಾಡೆಕ್ಕು." ಇದು ಎಲ್ಲೋರೂ ಹೇಳುವ ಮಾತು, ಎನ್ನ ಅತ್ತೆಯೂ ಹೇಳುಗು. ಕೇಳುಲೆ ಸರಿ ಹೇಳಿ ಕಾಣ್ತು, ಆದರೆ ಹಾಲು ಕಟ್ಟಿದ್ದರಿಂದ ಬಾವು ಬಪ್ಪದಲ್ಲ. ಮೊಲೆಯ ತುದಿಲಿಪ್ಪ ಸಣ್ಣ ಒಟ್ಟೆಲಿ ರೋಗಾಣು ಒಳ ಹೋದರೆ ಬಪ್ಪದು. ಕರವದು ನಿಂದ ಮತ್ತೆ ಆ ಒಟ್ಟೆಯ ದನದ ಮೈಯೇ ಒಂದು ಬೆಣೆ ಮಾಡಿ ಮುಚ್ಚುತ್ತು. ನಮ್ಮ ಉಗುರು, ದನದ ಕೊಂಬು ಯಾವುದರಿಂದ ಆಯಿದೋ ಅದೇ ಕೆರಾಟಿನ್ ಹೇಳುವ ವಸ್ತುವಿನ ಬೆಣೆ, ಮೇಣದ ಹಾಂಗೆ ಇರ್ತು. ಕೆಲವು ಮೊಲೆಲಿ ಒಂದು ವಾರಲ್ಲಿ ಆವ್ತು, ಕೆಲವಕ್ಕೆ ಮೂರು ನಾಲ್ಕು ವಾರ ಬೇಕು, ಕೆಲವು ಸರಿಯಾಗಿ ಮುಚ್ಚುದೇ ಇಲ್ಲೆ. ನಾವು ಎರಡು ದಿನಕ್ಕೊಂದರಿ "ರಜ ಇಳುಶುವ°" ಹೇಳಿ ಕರದಪ್ಪಗ ಎಂತ ಆವ್ತು? ಅರ್ಧ ಆದ ಬೆಣೆ ಹಾಲಿನೊಟ್ಟಿಂಗೆ ಹೆರ ಹೋವ್ತು, ಬಾಗಿಲು ಪುನಾ ತೆಗದತ್ತು. ಮೇಗಂದ, ಹಾಲು ಕರವಗ ದನದ ಮೈಗೆ "ಇನ್ನೂ ಹಾಲು ಬೇಕಡ" ಹೇಳಿ ಶುದ್ದಿ ಹೋವ್ತು, ಅದು ಪುನಾ ಹಾಲು ಮಾಡ್ತು. ಕರವದು ನಿಲ್ಸಿರೆ ಕೆಚ್ಚಲಿನ ಒಳ ಕಟ್ಟಿದ ಹಾಲಿನ ಒತ್ತಡವೇ "ಸಾಕು" ಹೇಳ್ತು. ನಿಲ್ಸುಲೆ ದಾರಿ ಅದೇ.

ಎಲ್ಲಾ ದನಕ್ಕೂ ಇದೇ ಸರಿ ಹೇಳಿ ಆನು ಹೇಳ್ತಿಲ್ಲೆ. ನಿಲ್ಸುವ ದಿನ ಹತ್ತರೆ ಬಪ್ಪಗಳೂ ದಿನಕ್ಕೆ 12, 15 ಲೀಟರು ಕೊಡುವ ದನ ಇದ್ದರೆ, ಮದಲಾಣ ಒಂದು ವಾರ ಹಿಂಡಿ ಕಮ್ಮಿ ಮಾಡಿ, ದಿನಕ್ಕೊಂದೇ ಸರ್ತಿ ಕರದು, ಹಾಲಿನ ಇಳುಶಿಕ್ಕಿ ಮತ್ತೆ ನಿಲ್ಸೆಕ್ಕು. ಆದರೆ ಅದೂ ಒಂದು ವಾರ, ಒಂದು ತಾರೀಕಿನ ಒಳ. ನಮ್ಮ ಮನೆಗಳಲ್ಲಿ ಏಳು ತಿಂಗಳ ಗಬ್ಬದ ದನ ಮೂರು ನಾಲ್ಕು ಲೀಟರು ಕೊಡುದು. ಅದರ ಒಂದೇ ಸರ್ತಿ ನಿಲ್ಸುಲೆ ಹೆದರೆಕ್ಕಾದ್ದಿಲ್ಲೆ.

ನಿಲ್ಸುವ ದಿನದ ಕೆಲಸವ ರಜ ನಿಧಾನಕ್ಕೆ ಹೇಳ್ತೆ. ಗೌರಿ ಆ ವಾರ ಉದಿಯಪ್ಪಗ ಎರಡೂವರೆ, ಹೊತ್ತೋಪಗ ಒಂದೂವರೆ ಲೀಟರು ಕೊಟ್ಟೊಂಡಿತ್ತು. ನಾಲ್ಕು ದಿನ ಮದಲೇ ಹಿಂಡಿ ನಿಲ್ಸಿ ಬರೇ ಬೆಳೂಲು, ರಜ ಹುಲ್ಲು ಕೊಟ್ಟೆ. ಮೂರು ದಿನ ಮದಲು ನಾಲ್ಕೂ ಮೊಲೆಯ ಹಾಲಿನ ಪರೀಕ್ಷೆ ಮಾಡಿದೆ. ಒಗವ ಸಾಬೂನು ಪುಡಿ 15 ಗ್ರಾಮಿನ ಅರ್ಧ ಲೀಟರು ನೀರಿಂಗೆ ಕರಗುಸಿ, ನಾಲ್ಕು ಸಣ್ಣ ತಟ್ಟೆಲಿ ಒಂದೊಂದು ಮೊಲೆಯ ಹಾಲು ಬೇರೆ ಬೇರೆ ಕರದು, ಹಾಲಿನಷ್ಟೇ ಆ ನೀರು ಸೇರುಸಿ ಮೆಲ್ಲಂಗೆ ತಿರುಗುಸೆಕ್ಕು. ಒಳ್ಳೆ ಹಾಲು ನೀರಿನ ಹಾಂಗೆ ಓಡಾಡ್ತು. ಒಳ ಬಾವು ಇದ್ದರೆ ಲೋಳೆಯ ಹಾಂಗೆ ಆಗಿ ಒಟ್ಟಿಂಗೆ ಜಾರ್ತು. ಕಣ್ಣಿಂಗೆ ಹಾಲು ಬೆಳಿ ಕಂಡರೂ ಒಳ ಬಾವು ಇಪ್ಪಲಕ್ಕು, ಹಾಂಗಾಗಿ ನೋಡಿಕ್ಕಿ "ಸರಿ ಇದ್ದು" ಹೇಳುಲೆಡಿಯ. ಗೌರಿಯ ಎಡದ ಹಿಂದಾಣ ಮೊಲೆದು ರಜ ಲೋಳೆ ಆತು. ಆ ವಿಷಯ ಡಾಕ್ಟ್ರಿಂಗೆ ಹೇಳಿದೆ, ಅವು ಬತ್ತುಸುವ ದನಕ್ಕೆ ಹೇಳಿಯೇ ಬಪ್ಪ ಟ್ಯೂಬು ಬರದು ಕೊಟ್ಟವು.

ಇಲ್ಲಿ ಇನ್ನೊಂದು ಜಗಳ ಇದ್ದು ಎನ್ನದು. ಕೆಲವು ಮನೆಲಿ ಮದಲೊಂದರಿ ಬಾವು ಬಂದಪ್ಪಗ ತಂದು ಒಳುದ ಟ್ಯೂಬಿನ ಫ್ರಿಜ್ಜಿಂದ ತೆಗದು ಬಿಡ್ತವು. ಹಾಲು ಕೊಡುವ ದನಕ್ಕೆ ಇಪ್ಪ ಮದ್ದು ಕೆಚ್ಚಲಿಲಿ ಒಂದೆರಡು ದಿನ ನಿಂಗು, ಬತ್ತುಸುವ ದನದ್ದು ವಾರಗಟ್ಲೆ ನಿಂಬ ಹಾಂಗೆ ಮಾಡಿದ್ದು. ಎರಡೂ ಬೇರೆ ಬೇರೆ. ಮತ್ತೆ, ನಾಲ್ಕು ಮೊಲೆಯೂ ಒಳ್ಳೆದಿದ್ದು, ಈ ಸೂಲಿಲಿ ಬಾವೇ ಬಯಿಂದಿಲ್ಲೆ ಹೇಳಿ ಆದರೆ ಆಂಟಿಬಯೋಟಿಕ್ ಬೇಕೋ ಬೇಡದೋ ಹೇಳಿ ಡಾಕ್ಟ್ರತ್ರೆ ಕೇಳೆಕ್ಕು. ಬರೇ ಮೊಲೆಯ ಒಟ್ಟೆಯ ಮುಚ್ಚುವ, ಆಂಟಿಬಯೋಟಿಕ್ ಇಲ್ಲದ್ದ ಪೇಸ್ಟೂ ಇದ್ದು. ಯುರೋಪಿಲಿ ರೋಗ ಇಲ್ಲದ್ದ ದನಗೊಕ್ಕೆಲ್ಲ ಸುಮ್ಮನೆ ಆಂಟಿಬಯೋಟಿಕ್ ಕೊಡುದರ 2022ರಿಂದ ಕಾನೂನಿಲೇ ನಿಲ್ಸಿದ್ದವು. ಬೇಕಾದ್ದಕ್ಕೆ ಕೊಡೆಕ್ಕು, ಅಂದಾಜಿಲಿ ಅಲ್ಲ.

ಮೇ 28ರ ಹೊತ್ತೋಪಗ ಅಖೇರಿ ಸರ್ತಿ ಪೂರ್ತಿ ಕರದೆ, ಒಂದು ಹನಿ ಬಿಡದ್ದೆ. ಸಾಬೂನು ಹಾಕಿ ಕೈ ತೊಳದೆ. ಸ್ಪಿರಿಟ್ಟಿಲಿ ಅದ್ದಿದ ಹತ್ತಿಲಿ ಮೊಲೆಯ ತುದಿಯ, ಹತ್ತಿಲಿ ಕೊಳೆ ಕಾಣದ್ದಷ್ಟು ಉದ್ದಿದೆ. ಒಂದು ಮೊಲೆಗೆ ಒಂದು ಹೊಸ ಹತ್ತಿ. ಮದಾಲು ಎನ್ನಂದ ಆಚೊಡೆಲಿಪ್ಪ ಎರಡು ಮೊಲೆ ಉದ್ದಿ, ಮತ್ತೆ ಈಚೊಡೆದು. ಮದ್ದು ಬಿಡುವಗ ಉಲ್ಟಾ, ಈಚೊಡೆದಕ್ಕೆ ಮದಾಲು, ಆಚೊಡೆದಕ್ಕೆ ಮತ್ತೆ. ಹಾಂಗೆ ಮಾಡಿರೆ ಉದ್ದಿದ ಮೊಲೆಗೆ ನಮ್ಮ ಕೈ ಪುನಾ ತಾಗ್ತಿಲ್ಲೆ. ಟ್ಯೂಬಿನ ಮೂತಿಯ ಪೂರ್ತಿ ಒಳ ಕುತ್ತುಲಾಗ, ಮೂರು ನಾಲ್ಕು ಮಿಲಿಮೀಟರು, ಹೇಳಿರೆ ಎರಡು ಅಕ್ಕಿ ಕಾಳಿನ ದಪ್ಪದಷ್ಟು ಹೋದರೆ ಸಾಕು. ಪೂರ್ತಿ ಕುತ್ತಿರೆ ಬೆಣೆ ಮಾಡುವ ಜಾಗೆಯೇ ಹರಿತ್ತು, ತುದಿಲಿಪ್ಪ ಕೊಳೆಯೂ ಒಳ ಹೋವ್ತು. ಒಂದು ಟ್ಯೂಬು ಒಂದೇ ಮೊಲೆಗೆ. ಅದಾದ ಮತ್ತೆ ನಾಲ್ಕೂ ಮೊಲೆಯ ಅಯೋಡಿನ್ ಮದ್ದಿಲಿ ಅದ್ದಿ, ಅರ್ಧ ಗಂಟೆ ದನವ ಮನುಗುಲೆ ಬಿಡದ್ದೆ ಹುಲ್ಲು ಹಾಕಿ ನಿಲ್ಸಿದೆ. ಟ್ಯೂಬಿನ ಪೆಟ್ಟಿಗೆಯ ಇಡ್ಕಿದ್ದಿಲ್ಲೆ. ಮದ್ದು ಬಿಟ್ಟು ಎಷ್ಟು ದಿನ ಆಯೆಕ್ಕು, ಕಂಜಿ ಹಾಕಿದ ಮತ್ತೆ ಎಷ್ಟು ದಿನದ ಹಾಲು ಮನುಷ್ಯರು ಕುಡಿವಲಾಗ ಹೇಳಿ ಅದರ್ಲಿ ಬರದಿರ್ತು. ದನ ದಿನಂದ ಮದಲೇ ಕಂಜಿ ಹಾಕಿರೆ ಆ ಲೆಕ್ಕ ಬೇಕಾವ್ತು.

ಇನ್ನಾಣದ್ದು ಕೆಲಸ ಅಲ್ಲ, ಕೈ ಕಟ್ಟಿ ಕೂಬದು. ಅದೇ ನಮಗೆ ಎಡಿಯದ್ದು! ಎರಡು ಮೂರನೇ ದಿನ ಕೆಚ್ಚಲು ಬೀಗಿ ಬಿಗಿ ಆಗಿತ್ತು. ಹಟ್ಟಿ ಕೆಲಸಕ್ಕೆ ಬಪ್ಪವು "ಅಕ್ಕಾ, ದನ ಪಾಪ, ರಜ ಕರಯಿ" ಹೇಳಿದವು. ಅಲ್ಲಿ ಪಾಪ ಹೇಳಿ ಕೈ ಹಾಕಿರೆ ಹಿಂದಾಣ ಕೆಲಸ ಎಲ್ಲ ನೀರಿಲಿ ಹೋಮ. ಬಿಟ್ಟ ಮದ್ದೂ ಹೆರ, ಬೆಣೆಯೂ ಹೆರ. ಬೀಗಿದ್ದು ಬಾವು ಅಲ್ಲ. ವಿತ್ಯಾಸ ತಿಳಿವದು ಹೀಂಗೆ: ಬರೇ ಹಾಲು ಕಟ್ಟಿದ್ದಾದರೆ ನಾಲ್ಕೂ ಮೊಲೆಯ ಮೇಗಾಣ ಭಾಗ ಒಂದೇ ಹಾಂಗೆ ಬಿಗಿ ಇರ್ತು, ದನ ಬೆಳೂಲು ತಿಂತು, ನೀರು ಕುಡಿತ್ತು. ನಾಲ್ಕೈದು ದಿನಂದ ಮತ್ತೆ ಇಳಿವಲೆ ಸುರು ಆಗಿ, ಹತ್ತು ದಿನ ಅಪ್ಪಗ ಖಾಲಿ ಚೀಲದ ಹಾಂಗೆ ಮೆಸ್ತಂಗೆ ಆವ್ತು. ಗೌರಿದು ಒಂಬತ್ತನೇ ದಿನ ಹಾಂಗೆ ಆತು. ಬಾವಾದರೆ ಒಂದೇ ಮೊಲೆಯ ಹೊಡೆ ದೊಡ್ಡ ಆವ್ತು, ಮುಟ್ಟಿರೆ ಬೆಶಿ, ಕೆಂಪು, ದನ ಮೆಟ್ಟುಲೆ ಬತ್ತು, ಮೇವು ಬಿಡ್ತು. ಜ್ವರ 103 ಡಿಗ್ರಿ ದಾಂಟುತ್ತು. ಹಾಂಗೆ ಕಂಡರೆ ಮಾತ್ರ ಆ ಮೊಲೆಯ ಕರದು ನೋಡೆಕ್ಕು, ಅದೇ ದಿನ ಡಾಕ್ಟ್ರ ಬರುಸೆಕ್ಕು. ಎರಡು ದಿನ ಅರಿಶಿನ ಕಿಟ್ಟಿ ಕಾವಲಾಗ.

ಇನ್ನೊಂದು ಕ್ರೂರ ಕ್ರಮ ಇದ್ದು, ಅದರ ಹೇಳದ್ದೆ ಎನಗೆ ಎಡಿಯ. ಹಾಲು ಬೇಗ ಬತ್ತಲಿ ಹೇಳಿ ದನಕ್ಕೆ ನೀರು, ಅಕ್ಕಚ್ಚು ಕೊಡದ್ದೆ ಕಟ್ಟುದು. ಅದೂ ಮೇ ತಿಂಗಳ ಸೆಕೆಲಿ, ಹೊಟ್ಟೆಲಿ ಏಳು ತಿಂಗಳ ಕಂಜಿ ಇಪ್ಪಗ! ನಿಲ್ಸೆಕ್ಕಾದ್ದು ಹಿಂಡಿ, ನೀರಲ್ಲ. ಕೆಚ್ಚಲು ಮೆಸ್ತಂಗೆ ಆದ ಮತ್ತೆ ಹಿಂಡಿಯ ಪುನಾ ಸುರು ಮಾಡೆಕ್ಕು, ದಿನಕ್ಕೆ ಒಂದು ಒಂದೂವರೆ ಕಿಲೋ. ಹಳೆ ಕಂಜಿಯನ್ನೂ ದೂರ ಕಟ್ಟೆಕ್ಕು. ನಾವು ಕರಯದ್ರೂ ಅದು ಹೋಗಿ ಚೀಪಿರೆ ಲೆಕ್ಕ ಒಂದೇ.

ಇನ್ನು ಜಾಗೆಯ ವಿಷಯ. ನಮ್ಮ ಮನೆಗಳಲ್ಲಿ ಹಾಲು ಕೊಡುವ ದನಕ್ಕೆ ಸಿಮೆಂಟಿನ ಹಟ್ಟಿ, ಮ್ಯಾಟು, ದಿನಾ ತೊಳವದು. ಹಾಲು ನಿಂದ ಮರದಿನ ಅದರ ಸೊಪ್ಪಿನ ಹಟ್ಟಿಗೆ ಕಟ್ಟುದು. ಕಾರಣ ಕೇಳಿರೆ "ಅದಕ್ಕೆ ಹಾಲಿಲ್ಲೆನ್ನೆ" ಹೇಳ್ತವು. ಅಲ್ಲಿ ಸಗಣ, ಮೂತ್ರ, ಸೊಪ್ಪು ಕೊಳದು ಬೆಶಿ ಬೆಶಿ ಗೊಬ್ಬರ ಅಪ್ಪದು. ತೋಟಕ್ಕೆ ಅದು ಚಿನ್ನ. ಆದರೆ ರೋಗಾಣು ಬೆಳವಲೂ ಅದೇ ಚಿನ್ನದ ಜಾಗೆ. ಬತ್ತುಸಿದ ದನಕ್ಕೆ ಬಾವು ಹೊಕ್ಕುವ ಅಪಾಯ ಹೆಚ್ಚು ಇಪ್ಪದು ಎರಡು ಹೊತ್ತಿಲಿ: ಕರವದು ನಿಲ್ಸಿದ ಮದಲಾಣ ಎರಡು ವಾರ, ಕಂಜಿ ಹಾಕುವ ಮದಲಾಣ ಎರಡು ವಾರ. ಸುರುವಿಂಗೆ ಬೆಣೆ ಆಗಿರ್ತಿಲ್ಲೆ, ಅಖೇರಿಗೆ ಕೆಚ್ಚಲು ತುಂಬಿ ಬೆಣೆ ಜಾರಿರ್ತು. ಗೌರಿಯ ತಾರೀಕು ನೋಡಿ. ಮದಲಾಣ ಎರಡು ವಾರಕ್ಕೆ ಜೂನಿನ ಮಳೆ ಹಿಡುದತ್ತು, ಅಖೇರಿಯಾಣದ್ದು ಆಟಿಯ ಜಡಿಮಳೆಲಿ. ಎರಡೂ ಹೊತ್ತು ನೆಲ ಚೆಂಡಿ. ಹಾಂಗಾಗಿ ಬತ್ತುಸಿದ ದನಕ್ಕೇ ಮನೆಯ ಎಲ್ಲಕ್ಕಿಂತ ಒಣಗಿದ ಜಾಗೆ ಬೇಕು. ಎಂಗೊ ಗೌರಿಯ ಸಿಮೆಂಟಿನ ಹಟ್ಟಿಲೇ, ಮಳೆಯ ಎರಚಲು ಬಾರದ್ದ ಮೂಲೆಲಿ ಮಡುಗಿದ್ದು. ಒಣಗಿದ ಬೆಳೂಲು ಹಾಸಿ ದಿನಕ್ಕೆ ಎರಡು ಸರ್ತಿ ಬದಲುಸಿದ್ದು. ಆ ಎರಡು ಹೊತ್ತಿಲಿಯೂ ದಿನಕ್ಕೊಂದರಿ ಮೊಲೆಯ ಅಯೋಡಿನಿಲಿ ಅದ್ದಿದ್ದು. ಎರಡು ನಿಮಿಷದ ಕೆಲಸ. ಕಂಜಿ ಹಾಕಿದ ಮತ್ತೆ ಪುನಾ ಸಾಬೂನು ನೀರಿನ ಪರೀಕ್ಷೆ ಮಾಡಿಯಪ್ಪಗ ನಾಲ್ಕೂ ತಟ್ಟೆಲಿ ಹಾಲು ನೀರಿನ ಹಾಂಗೇ ಓಡಿತ್ತು, ಎಡದ ಹಿಂದಾಣದ್ದೂ.

"ನಮ್ಮ ಅಜ್ಜಿಯಕ್ಕೊ ಇದೆಲ್ಲ ಮಾಡಿದ್ದವೋ?" ಹೇಳಿ ಕೇಳುವವಕ್ಕೆ ಎನ್ನ ಉತ್ತರ ಇದು. ಅಜ್ಜಿಯಕ್ಕೊ ಕರದ್ದು ಮಲೆನಾಡ ಗಿಡ್ಡ. ಒಂದೆರಡು ಲೀಟರು ಕೊಟ್ಟು, ಗಬ್ಬ ಐದಾರು ತಿಂಗಳಪ್ಪಗ ಅದುವೇ ಮೆಟ್ಟಿ ನಿಲ್ಸುಗು. ಬತ್ತುಸುವ ಕೆಲಸ ದನವೇ ಮಾಡಿಗೊಂಡಿತ್ತು. ಜೆರ್ಸಿ, ಎಚ್.ಎಫ್. ಮಿಶ್ರದ ದನ ಹಾಂಗಲ್ಲ. ಕರದಷ್ಟು ದಿನ ಕೊಡುವ ಹಾಂಗೆ ಮನುಷ್ಯರೇ ತಳಿ ಮಾಡಿದ್ದು. ಹೆಚ್ಚು ಹಾಲು ಬೇಕು ಹೇಳಿ ಅದರ ಹಟ್ಟಿಗೆ ತಂದ ಮತ್ತೆ, "ಸಾಕು" ಹೇಳುವ ಕೆಲಸವೂ ನಮ್ಮದೇ.

ಹಾಂಗಾಗಿ ಅಕ್ಕಂದ್ರೇ, ಹಟ್ಟಿಲಿ ಗಬ್ಬದ ದನ ಇದ್ದರೆ ಇಂದೇ ಇಂಜೆಕ್ಷನ್ ಕೊಡುಸಿದ ಚೀಟು ಹುಡ್ಕಿ, 280 ಕೂಡುಸಿ, 60 ಕಳೆರಿ, ಬಂದ ತಾರೀಕಿಂಗೆ ಕೆಂಪು ಗೆರೆ ಹಾಕಿ. ಆ ಎರಡು ತಿಂಗಳು ಕಾಪಿಗೆ ಹಾಲು ಬೇಕಾದರೆ ಸೊಸೈಟಿಂದ ಅರ್ಧ ಲೀಟರು ತನ್ನಿ. ನಾಚಿಗೆ ಆವ್ತು ಹೇಳುವವು ಇದ್ದವು. ಮನೆಲಿ ದನ ಇದ್ದುಗೊಂಡು ಹಾಲು ತಪ್ಪಲೆ ನಾಚಿಗೆ ಬೇಡ. ಮೂರು ಮೊಲೆಯ ದನವ ಕಟ್ಟಿಗೊಂಡು ನಾಲ್ಕನೇದರ ಕಥೆ ಹೇಳುದು ಇದ್ದಲ್ಲದೋ, ನಾಚಿಗೆ ಆಯೆಕ್ಕಾದ್ದು ಅದಕ್ಕೆ.